ಪಾಸ್ತಿಸ್‌ಗೆ ನೀರು ಬಿದ್ದಾಗ ಹಾಲುಬಣ್ಣ ಬರುವುದೇಕೆ, ಅದನ್ನು ಬೆರೆಸುವ ಕ್ರಮವೇನು

ದಕ್ಷಿಣ ಫ್ರಾನ್ಸಿನ ಮಾರ್ಸೇ ನಗರದ ಕೆಫೆಯೊಂದರಲ್ಲಿ ಊಟಕ್ಕೆ ಮುಂಚೆ ಪಾಸ್ತಿಸ್ ಎಂಬ ಸೋಂಪಿನ ಪರಿಮಳದ ಮದ್ಯ ಕೇಳಿದರೆ, ಮೇಜಿನ ಮೇಲೆ ಮೂರು ವಸ್ತುಗಳು ಬೇರೆಬೇರೆಯಾಗಿ ಬರುತ್ತವೆ. ಎತ್ತರದ ಗಾಜಿನ ಲೋಟದ ತಳದಲ್ಲಿ ಸುಮಾರು 20 ಮಿಲಿಲೀಟರಿನಷ್ಟು ಜೇನುಬಣ್ಣದ, ಪೂರ್ತಿ ತಿಳಿಯಾದ ಮದ್ಯ, ಒಂದು ಹೂಜಿಯಲ್ಲಿ ತಣ್ಣೀರು, ಸಣ್ಣ ಬಟ್ಟಲಿನಲ್ಲಿ ಐಸ್. ಬೆರೆಸುವ ಕೆಲಸವನ್ನು ಕುಡಿಯುವವರಿಗೇ ಬಿಟ್ಟಿರುತ್ತಾರೆ. ನೀರು ಲೋಟಕ್ಕೆ ಬಿದ್ದ ಕ್ಷಣದಲ್ಲೇ ಆ ತಿಳಿಯಾದ ದ್ರವದೊಳಗೆ ಬಿಳಿಯ ಮೋಡ ಎದ್ದು, ಒಂದೆರಡು ಸೆಕೆಂಡುಗಳಲ್ಲಿ ಇಡೀ ಲೋಟ ಹಳದಿ ಬೆರೆತ ಹಾಲಿನಂತಾಗುತ್ತದೆ. ತುರ್ಕಿಯ ರಾಕಿ, ಗ್ರೀಸಿನ ಊಜೋ, ಲೆಬನಾನಿನ ಅರಕ್ ಇವೆಲ್ಲವೂ ಹೀಗೆಯೇ ಬಿಳಿಚಿಕೊಳ್ಳುತ್ತವೆ. ಈ ಲೇಖನದಲ್ಲಿ ಪಾಸ್ತಿಸನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಬಿಳುಪಿನ ಕಾರಣವನ್ನು ಒಮ್ಮೆ ತಿಳಿದುಕೊಂಡರೆ, ಮೊದಲು ಮದ್ಯ, ಆಮೇಲೆ ನೀರು, ಕೊನೆಗೆ ಐಸ್ ಎಂಬ ಕ್ರಮವನ್ನು ಅಲ್ಲಿನವರು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದೇಕೆ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಬಿಳುಪು ಎಲ್ಲಿಂದ ಬರುತ್ತದೆ

ಈ ಮದ್ಯಗಳ ಪರಿಮಳಕ್ಕೆ ಮೂಲವಾದ ವಸ್ತುವಿನ ಹೆಸರು ಅನೆಥೋಲ್. ಇದು ಒಂದು ಬಗೆಯ ಸುಗಂಧ ತೈಲ. ಊಟವಾದ ಮೇಲೆ ನಾವು ಬಾಯಿಗೆ ಹಾಕಿಕೊಳ್ಳುವ ಸೋಂಪಿನಲ್ಲಿಯೂ, ಬಿರಿಯಾನಿಗೆ ಹಾಕುವ ಚಕ್ರಮೊಗ್ಗಿನಲ್ಲಿಯೂ ಮುಖ್ಯ ಪರಿಮಳ ಇದರದೇ. ಆದರೆ ಇವೆರಡೂ ಬೇರೆಬೇರೆ ಸಸ್ಯಗಳು, ಮತ್ತು ರಾಕಿ, ಅರಕ್‌ಗಳಲ್ಲಿ ಬಳಸುವ ಆನೀಸ್ ಎಂಬ ಬೀಜ ಮೂರನೆಯದು. ಅದು ನಮ್ಮ ಸೋಂಪನ್ನೇ ಹೋಲುತ್ತದೆ, ಸೋಂಪಿಗಿಂತ ಸಣ್ಣದು. ಪಾಸ್ತಿಸ್‌ನಲ್ಲಿ ಹೆಚ್ಚಾಗಿ ಚಕ್ರಮೊಗ್ಗಿನಿಂದ ತೆಗೆದ ಅನೆಥೋಲ್ ಇರುತ್ತದೆ. ಅದರ ಜೊತೆಗೆ ಅತಿಮಧುರದ ಬೇರಿನ ಸಾರವೂ ಸೇರುವುದರಿಂದ ಅದಕ್ಕೆ ಬೇರಿನ ತುಸು ಒಗರು ಮತ್ತು ಸಿಹಿ ಬರುತ್ತದೆ.

ಅನೆಥೋಲ್ ಆಲ್ಕೋಹಾಲಿನಲ್ಲಿ ಸುಲಭವಾಗಿ ಕರಗುತ್ತದೆ, ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಒಂದು ಲೀಟರ್ ನೀರಿನಲ್ಲಿ ಕರಗಬಲ್ಲ ಅನೆಥೋಲ್ ಸುಮಾರು ಒಂದು ಗ್ರಾಮಿನ ಹತ್ತನೇ ಒಂದು ಭಾಗ ಮಾತ್ರ. ಬಾಟಲಿಯಲ್ಲಿರುವ ಪಾಸ್ತಿಸ್‌ನಲ್ಲಿಯೂ ಅರ್ಧಕ್ಕಿಂತ ಹೆಚ್ಚು ನೀರೇ ಇದ್ದರೂ, ಶೇಕಡ 45ರಷ್ಟು ಆಲ್ಕೋಹಾಲ್ ಇರುವುದರಿಂದ ತೈಲವು ಕರಗಿ, ಕಣ್ಣಿಗೆ ಕಾಣದಂತೆ ಉಳಿದಿರುತ್ತದೆ. ಆಲ್ಕೋಹಾಲಿನ ಅಣು ಒಂದು ಕಡೆಯಿಂದ ನೀರಿನೊಂದಿಗೂ ಇನ್ನೊಂದು ಕಡೆಯಿಂದ ತೈಲದೊಂದಿಗೂ ಹೊಂದಿಕೊಳ್ಳಬಲ್ಲದು. ಅದು ಸಾಕಷ್ಟಿರುವವರೆಗೆ ಈ ಮೂರೂ ಒಟ್ಟಿಗೆ ಬಾಳುತ್ತವೆ. ಮೇಲಿನಿಂದ ಇನ್ನಷ್ಟು ನೀರು ಸುರಿದಾಗ ಆಲ್ಕೋಹಾಲ್ ಆ ನೀರಿನಲ್ಲೆಲ್ಲ ಹರಡಿ ತೆಳುವಾಗುತ್ತದೆ, ತೈಲವನ್ನು ಹಿಡಿದಿಡುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಆಗ ಅನೆಥೋಲ್ ದ್ರಾವಣದಿಂದ ಹೊರಬೀಳಲೇಬೇಕಾಗುತ್ತದೆ.

ಹೊರಬೀಳುವ ರೀತಿಯಲ್ಲಿಯೇ ಇದರ ವಿಶೇಷವಿದೆ. ಅಡುಗೆ ಎಣ್ಣೆಯನ್ನು ನೀರಿಗೆ ಹಾಕಿದರೆ ಅದು ಮೇಲೆ ತೇಲುತ್ತದೆ, ಬೆರೆಸಬೇಕೆಂದರೆ ಜೋರಾಗಿ ಕಡೆಯಬೇಕು, ಕಡೆದರೂ ಸ್ವಲ್ಪ ಹೊತ್ತಿನಲ್ಲಿ ಬೇರ್ಪಡುತ್ತದೆ. ಪಾಸ್ತಿಸ್‌ನಲ್ಲಿ ತೈಲವು ಮೊದಲೇ ಅಣು ಅಣುವಾಗಿ ಎಲ್ಲ ಕಡೆ ಹರಡಿರುವುದರಿಂದ, ನೀರು ತಲುಪಿದ ಪ್ರತಿಯೊಂದು ಜಾಗದಲ್ಲಿಯೂ ಒಂದೇ ಸಮಯಕ್ಕೆ ಲೆಕ್ಕವಿಲ್ಲದಷ್ಟು ಹನಿಗಳು ಹುಟ್ಟುತ್ತವೆ. ಇರುವ ತೈಲ ಅಷ್ಟೊಂದು ಹನಿಗಳಿಗೆ ಹಂಚಿಹೋಗುವುದರಿಂದ ಯಾವ ಹನಿಯೂ ದೊಡ್ಡದಾಗುವುದಿಲ್ಲ. ಅವುಗಳ ಗಾತ್ರ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಕಡೆಯುವುದೂ ಬೇಡ, ಕುಲುಕುವುದೂ ಬೇಡ. 2003ರಲ್ಲಿ ಸ್ಟೀಫನ್ ವಿಟಾಲೆ ಮತ್ತು ಜೋಸೆಫ್ ಕಾಟ್ಜ್ ಎಂಬ ಸಂಶೋಧಕರು ಇದೇ ವಿಧಾನದಿಂದ ಬೇರೆ ತೈಲಗಳನ್ನೂ ಸಣ್ಣ ಹನಿಗಳಾಗಿಸಬಹುದೆಂದು ತೋರಿಸಿ, ಈ ವಿದ್ಯಮಾನವನ್ನು ಊಜೋ ಪರಿಣಾಮ ಎಂದು ಕರೆದರು. ಆ ಹೆಸರೇ ಈಗ ರೂಢಿಯಲ್ಲಿದೆ.

ಈ ಹನಿಗಳಿಗೆ ಸ್ವಂತದ ಬಣ್ಣವಿಲ್ಲ. ತೈಲ ಮತ್ತು ನೀರು ಬೆಳಕನ್ನು ಬಾಗಿಸುವ ಪ್ರಮಾಣ ಬೇರೆಬೇರೆಯಾದ್ದರಿಂದ, ಲೋಟದೊಳಗೆ ಹೊಕ್ಕ ಬೆಳಕು ಹನಿಯಿಂದ ಹನಿಗೆ ಚದುರಿ, ಎಲ್ಲ ಬಣ್ಣಗಳೂ ಕಲಸಿ ಬಿಳಿಯಾಗಿ ಹೊರಬರುತ್ತದೆ. ಹಾಲು ಬೆಳ್ಳಗೆ ಕಾಣುವುದೂ ಅದರೊಳಗಿನ ಕೊಬ್ಬಿನ ಮತ್ತು ಪ್ರೋಟೀನಿನ ಕಣಗಳು ಹೀಗೆ ಬೆಳಕನ್ನು ಚದುರಿಸುವುದರಿಂದಲೇ. ಹಾಗಾಗಿ ತುರ್ಕರು ನೀರು ಬೆರೆತ ರಾಕಿಗೆ ಸಿಂಹದ ಹಾಲು ಎಂಬ ಅಡ್ಡಹೆಸರು ಇಟ್ಟಿರುವುದು ಭೌತಶಾಸ್ತ್ರದ ದೃಷ್ಟಿಯಿಂದಲೂ ದೂರದ ಹೋಲಿಕೆಯಲ್ಲ.

ನಮ್ಮ ಮನೆಗಳಲ್ಲಿ ಬಕೆಟ್ ನೀರಿಗೆ ಡೆಟಾಲ್ ಹಾಕಿದಾಗ ಕಾಣುವ ಬಿಳುಪು ಅನೇಕರಿಗೆ ಇಲ್ಲಿ ನೆನಪಾಗಬಹುದು. ಎರಡೂ ಹತ್ತಿರದ ಸಂಬಂಧಿಗಳೇ ಆದರೂ ಒಂದು ವ್ಯತ್ಯಾಸವಿದೆ. ಡೆಟಾಲ್‌ನಲ್ಲಿ ಹನಿಗಳನ್ನು ಒಂದಕ್ಕೊಂದು ಅಂಟದಂತೆ ಕಾಯುವ ಸಾಬೂನಿನ ಅಂಶ ಇರುತ್ತದೆ. ಪಾಸ್ತಿಸ್‌ನಲ್ಲಿ ಅಂಥ ಕಾವಲು ಏನೂ ಇಲ್ಲ, ಆದರೂ ಬಿಳುಪು ಗಂಟೆಗಟ್ಟಲೆ ನಿಲ್ಲುತ್ತದೆ. ಅನೆಥೋಲಿನ ಸಾಂದ್ರತೆ ನೀರಿನ ಸಾಂದ್ರತೆಗೆ ತೀರಾ ಹತ್ತಿರವಿರುವುದು ಇದಕ್ಕೆ ಒಂದು ಕಾರಣ: ಹನಿಗಳು ಬೇಗ ಮೇಲೇರುವುದೂ ಇಲ್ಲ, ತಳಕ್ಕೆ ಇಳಿಯುವುದೂ ಇಲ್ಲ. ಕಾಲಕ್ರಮದಲ್ಲಿ ಸಣ್ಣ ಹನಿಗಳು ಕರಗಿ ದೊಡ್ಡವು ಇನ್ನಷ್ಟು ದೊಡ್ಡದಾಗುತ್ತ ಹೋಗುತ್ತವೆ, ಆದರೆ ಅದು ನಿಧಾನದ ಕೆಲಸ. ಲೋಟ ಖಾಲಿಯಾಗುವ ಹೊತ್ತಿಗೆ ಅದರ ಪರಿಣಾಮ ಕಾಣುವುದಿಲ್ಲ.

ಒಂದು ಲೋಟದ ಲೆಕ್ಕ

ಮಾರ್ಸೇ ಪಾಸ್ತಿಸ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಮದ್ಯದಲ್ಲಿ ಶೇಕಡ 45ಕ್ಕೆ ಕಡಿಮೆಯಿಲ್ಲದಂತೆ ಆಲ್ಕೋಹಾಲ್, ಲೀಟರಿಗೆ 2 ಗ್ರಾಂ ಅನೆಥೋಲ್ ಇರಬೇಕೆಂದು ಐರೋಪ್ಯ ಒಕ್ಕೂಟದ ನಿಯಮ ಹೇಳುತ್ತದೆ. ಈ ಅಂಕಿಗಳಿಂದ ಲೋಟದೊಳಗೆ ನಡೆಯುವುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. 20 ಮಿಲಿಲೀಟರ್ ಪಾಸ್ತಿಸ್‌ನಲ್ಲಿ 40 ಮಿಲಿಗ್ರಾಂ ಅನೆಥೋಲ್ ಇರುತ್ತದೆ. ಅದಕ್ಕೆ ರೂಢಿಯಂತೆ ಐದು ಪಟ್ಟು, ಅಂದರೆ 100 ಮಿಲಿಲೀಟರ್ ನೀರು ಬೆರೆಸಿದರೆ ಒಟ್ಟು 120 ಮಿಲಿಲೀಟರ್ ಆಗಿ, ಆಲ್ಕೋಹಾಲ್ ಶೇಕಡ 45ರಿಂದ 7.5ಕ್ಕೆ ಇಳಿಯುತ್ತದೆ. ಇಷ್ಟು ತೆಳುವಾದ ದ್ರವ ತೈಲದ ಪಾಲಿಗೆ ಬಹುಮಟ್ಟಿಗೆ ನೀರೇ. 120 ಮಿಲಿಲೀಟರ್ ನೀರಿನಲ್ಲಿ ಕರಗಬಲ್ಲದ್ದು 12 ಮಿಲಿಗ್ರಾಮಿನಷ್ಟು, ಉಳಿದಿರುವ ಆಲ್ಕೋಹಾಲಿನ ದೆಸೆಯಿಂದ ಅದಕ್ಕಿಂತ ತುಸು ಹೆಚ್ಚು. ಹೀಗಾಗಿ 40 ಮಿಲಿಗ್ರಾಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹನಿಗಳಾಗಿ ಹೊರಬರುತ್ತದೆ. ಒಂದು ಲೋಟವನ್ನು ಆಚೆ ಕಾಣದಷ್ಟು ಮಬ್ಬಾಗಿಸಲು ಇಪ್ಪತ್ತು ಚಿಲ್ಲರೆ ಮಿಲಿಗ್ರಾಂ ತೈಲ ಸಾಕಾಗುತ್ತದೆ ಎಂಬುದು ನನಗೆ ಈ ಲೆಕ್ಕವನ್ನು ಮೊದಲ ಸಲ ಮಾಡಿದಾಗ ಬಹಳ ಅಚ್ಚರಿ ತಂದ ಸಂಗತಿ.

ಇದೇ ಲೆಕ್ಕವನ್ನು ಮುಂದುವರಿಸಿದರೆ ಇನ್ನೊಂದು ಮಾತು ತಿಳಿಯುತ್ತದೆ. ಅದೇ 20 ಮಿಲಿಲೀಟರನ್ನು ಒಂದು ಲೀಟರ್ ನೀರಿಗೆ ಸುರಿದರೆ, 40 ಮಿಲಿಗ್ರಾಂ ತೈಲವೂ ಅಷ್ಟು ನೀರಿನಲ್ಲಿ ಕರಗಿಹೋಗುವಷ್ಟೇ ಇರುವುದರಿಂದ ಹಾಲಿನ ಬಿಳುಪು ನಿಲ್ಲುವುದಿಲ್ಲ. ಬಿಳುಪಿನ ಲೋಟಕ್ಕೆ ಗಾಢವಾದ ಆಲ್ಕೋಹಾಲನ್ನೇ ಮತ್ತೆ ಸೇರಿಸುತ್ತ ಹೋದರೂ ಅದು ತಿಳಿಯಾಗುತ್ತದೆ. ಬಿಳುಪು ಇರುವುದು ಈ ಎರಡು ಗಡಿಗಳ ನಡುವೆ ಮಾತ್ರ.

ಆಲ್ಕೋಹಾಲಿನ ಶೇಕಡ 45 ಎಂಬ ಅಂಕಿಗೂ ಇದರಲ್ಲಿ ಪಾಲಿದೆ. ಫ್ರಾನ್ಸ್ 1915ರಲ್ಲಿ ಆಬ್ಸಿಂಥ್ ಮದ್ಯವನ್ನು ನಿಷೇಧಿಸಿದ ಮೇಲೆ ಸೋಂಪಿನ ರುಚಿಯ ಪಾನೀಯಗಳ ಮೇಲೂ ಮಿತಿಗಳು ಬಂದವು. ಪಾಲ್ ರಿಕಾರ್ 1932ರಲ್ಲಿ ಮಾರ್ಸೇಯಲ್ಲಿ ತಮ್ಮ ಪಾಸ್ತಿಸ್ ಮಾರಾಟ ಆರಂಭಿಸಿದಾಗ ಆಲ್ಕೋಹಾಲಿನ ಮಿತಿ ಶೇಕಡ 40 ಇತ್ತು, 1938ರಲ್ಲಿ ಅದು 45ಕ್ಕೆ ಏರಿತು. ಆಲ್ಕೋಹಾಲ್ ಹೆಚ್ಚಿದಷ್ಟೂ ಬಾಟಲಿಯೊಳಗೆ ಹೆಚ್ಚು ತೈಲ ಕರಗಿ ನಿಲ್ಲುತ್ತದೆ, ಲೋಟದಲ್ಲಿ ಪರಿಮಳವೂ ಬಿಳುಪೂ ದಟ್ಟವಾಗುತ್ತವೆ.

ಬೆರೆಸುವ ಕ್ರಮ

ಮೊದಲು ಬಾಟಲಿಯನ್ನು ನೋಡಿ. ಅದು ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿದ್ದು, ಒಳಗಿನ ದ್ರವ ತಿಳಿಯಾಗಿರಬೇಕು. ಎತ್ತರದ, ಎಣ್ಣೆಯ ಪಸೆ ಇಲ್ಲದ, ಒಣಗಿದ ಲೋಟಕ್ಕೆ 20 ಮಿಲಿಲೀಟರ್ ಅಳೆದು ಹಾಕಿ. ಭಾರತದ ಬಾರುಗಳ 30 ಮಿಲಿಲೀಟರಿನ ಚಿಕ್ಕ ಪೆಗ್ ಮತ್ತು 60ರ ದೊಡ್ಡ ಪೆಗ್ ರೂಢಿಯಾದವರು ಇಲ್ಲಿ ಎಚ್ಚರ ವಹಿಸಬೇಕು: 60 ಮಿಲಿಲೀಟರ್ ಹಾಕಿದರೆ ಅದೇ ಹದಕ್ಕೆ 300 ಮಿಲಿಲೀಟರ್ ನೀರು ಬೇಕು, ಮತ್ತು ಅದು ಮೂವರ ಪಾಲಾಗುತ್ತದೆ. 20 ಮಿಲಿಲೀಟರಿನಲ್ಲಿ ಇರುವ 9 ಮಿಲಿಲೀಟರ್ ಶುದ್ಧ ಆಲ್ಕೋಹಾಲ್, ಶೇಕಡ 5ರ ಬಿಯರಿನ 180 ಮಿಲಿಲೀಟರಿಗೆ ಸಮ. ಹಾಲಿನ ಬಣ್ಣ, ಸಿಹಿ ಪರಿಮಳ ಮತ್ತು ತಂಪು ಸೇರಿ ಆಲ್ಕೋಹಾಲಿನ ಖಾರವನ್ನು ಮರೆಮಾಡುವುದರಿಂದ ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಅಗತ್ಯ.

ನಂತರ ಫ್ರಿಜ್‌ನಲ್ಲಿಟ್ಟು ತಣ್ಣಗಾದ ನೀರನ್ನು ಸಣ್ಣ ಧಾರೆಯಾಗಿ ಸುರಿಯಿರಿ. ಮೊದಲ ಹನಿಗಳು ಬಿದ್ದಲ್ಲಿ ಬಿಳಿಯ ಎಳೆ ಕಾಣಿಸಿ, ಲೋಟ ಅಲುಗಿದೊಡನೆ ಮಾಯವಾಗುತ್ತದೆ. ಆ ಹಂತದಲ್ಲಿ ಒಟ್ಟು ದ್ರವದಲ್ಲಿ ಇನ್ನೂ ತೈಲವನ್ನು ಕರಗಿಸುವಷ್ಟು ಆಲ್ಕೋಹಾಲ್ ಇದೆ ಎಂದು ಅರ್ಥ. ಇನ್ನೂ ಸ್ವಲ್ಪ ನೀರು ಸೇರಿದ ಮೇಲೆ ಎಳೆಗಳು ಮಾಯವಾಗದೆ ಉಳಿಯುತ್ತವೆ, ಬಳಿಕ ಲೋಟವಿಡೀ ಬಿಳಿಯಾಗುತ್ತದೆ. ಧಾರೆಯ ರಭಸವೇ ಬೆರೆಸಿಬಿಡುವುದರಿಂದ ಚಮಚ ಬೇಕಾಗುವುದಿಲ್ಲ. ಮೊದಲ ಸಲ ಕುಡಿಯುವವರು ಐದು ಪಟ್ಟು ನೀರಿನಿಂದ ಆರಂಭಿಸಿ, ರುಚಿ ನೋಡಿ, ಬೇಕಿದ್ದರೆ ಏಳು ಪಟ್ಟಿನವರೆಗೆ ಹೋಗಬಹುದು. ಕಡಿಮೆ ನೀರಿನಿಂದ ಆರಂಭಿಸುವುದು ನನ್ನ ಅಭಿಪ್ರಾಯದಲ್ಲಿ ತಪ್ಪು, ಏಕೆಂದರೆ ಗಾಢವಾದ ಪಾಸ್ತಿಸ್‌ನಲ್ಲಿ ಅತಿಮಧುರದ ರುಚಿ ನಾಲಿಗೆಯನ್ನು ಆವರಿಸಿ ಉಳಿದ ಗಿಡಮೂಲಿಕೆಗಳ ಸುವಾಸನೆ ತಿಳಿಯುವುದೇ ಇಲ್ಲ.

ಐಸ್ ಕೊನೆಯದು. ಈ ಮಾತಿನ ಹಿಂದೆ ಇರುವುದು ಸಂಪ್ರದಾಯ ಮಾತ್ರವಲ್ಲ. ಶುದ್ಧ ಅನೆಥೋಲ್ ಸುಮಾರು 21 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಗಟ್ಟಿಯಾಗುವ ತೈಲ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆಯನ್ನು ಇಲ್ಲಿ ನೆನೆಯಬಹುದು. ನೀರು ಬೆರೆಸದ ಪಾಸ್ತಿಸ್‌ಗೆ ಐಸನ್ನು ನೇರವಾಗಿ ಹಾಕಿದರೆ, ಐಸಿಗೆ ತಗುಲಿದ ಜಾಗದಲ್ಲಿ ದ್ರವ ಥಟ್ಟನೆ ತಣ್ಣಗಾಗಿ, ತೈಲವು ಹನಿಗಳಾಗುವ ಬದಲು ಹರಳುಗಳಾಗುತ್ತದೆ. ಹೊಳೆಯುವ ಸಣ್ಣ ಚಕ್ಕೆಗಳು ಐಸಿನ ಮೇಲೆ, ಲೋಟದ ಅಂಚಿನಲ್ಲಿ, ದ್ರವದ ಮೇಲ್ಮೈಯಲ್ಲಿ ಕೆನೆಯಂತೆ ಕಟ್ಟುತ್ತವೆ. ಪರಿಮಳದ ಒಂದು ಪಾಲು ಆ ಚಕ್ಕೆಗಳಲ್ಲಿ ಸಿಕ್ಕಿಕೊಂಡು, ಗುಟುಕು ಗುಟುಕಿಗೂ ರುಚಿ ಏರುಪೇರಾಗುತ್ತದೆ. ಮೊದಲು ನೀರು ಹಾಕಿದರೆ ತೈಲ ಆಗಲೇ ಸಣ್ಣ ಹನಿಗಳಾಗಿ ಹಂಚಿಹೋಗಿರುತ್ತದೆ. ಅಷ್ಟು ಸಣ್ಣ ಹನಿಗಳು ಬೇಗ ಹರಳುಗಟ್ಟುವುದಿಲ್ಲವಾದ್ದರಿಂದ, ಆಮೇಲೆ ಒಂದೆರಡು ತುಂಡು ಐಸ್ ಬಿದ್ದರೂ ದ್ರವ ನುಣುಪಾಗಿಯೇ ಉಳಿಯುತ್ತದೆ. ನೀರು ಸಾಕಷ್ಟು ತಣ್ಣಗಿದ್ದರೆ ಐಸ್ ಇಲ್ಲದೆಯೂ ನಡೆಯುತ್ತದೆ, ಅಲ್ಲಿನ ಹಿರಿಯರಲ್ಲಿ ಅನೇಕರು ಹಾಗೆಯೇ ಇಷ್ಟಪಡುತ್ತಾರೆ.

ಇದಕ್ಕೆ ಸಿರಪ್ ಬೆರೆಸುವ ರೂಢಿಯೂ ಫ್ರಾನ್ಸಿನಲ್ಲಿದೆ. ಬಾದಾಮಿಯ ಸಿರಪ್ ಹಾಕಿದ್ದು ಮೊರೆಸ್ಕ್, ಪುದೀನ ಸಿರಪ್ ಹಾಕಿದ ಹಸಿರು ಲೋಟ ಪೆರೊಕೆ, ಅಂದರೆ ಗಿಳಿ; ದಾಳಿಂಬೆಯ ಕೆಂಪು ಸಿರಪ್ ಹಾಕಿದ್ದು ತೊಮಾತ್. ಸಿರಪನ್ನು ಪಾಸ್ತಿಸ್ ಜೊತೆಯಲ್ಲೇ ಲೋಟಕ್ಕೆ ಹಾಕಿ, ಆಮೇಲೆ ನೀರು ಸುರಿಯುತ್ತಾರೆ.

ಕೆಟ್ಟಿದೆಯೆಂದು ಭಾವಿಸುವ ಮುನ್ನ

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಬಾಟಲಿಯನ್ನು ಫ್ರಿಜ್ ಅಥವಾ ಫ್ರೀಜರಿನಲ್ಲಿ ಇಡುವುದು. ನನ್ನ ಸ್ನೇಹಿತರೊಬ್ಬರು ವಿದೇಶದಿಂದ ತಂದ ಬಾಟಲಿಯನ್ನು ಹೀಗೆ ವಾರಗಟ್ಟಲೆ ಇಟ್ಟು, ತೆಗೆದು ನೋಡಿದಾಗ ಒಳಗೆಲ್ಲ ಮಬ್ಬು ಕವಿದು ತಳದಲ್ಲಿ ಬಿಳಿಯ ಚಕ್ಕೆಗಳು ಕುಳಿತಿದ್ದವು. ಅವರು ಅದನ್ನು ಚೆಲ್ಲಲು ಹೊರಟಿದ್ದರು. ಬಾಟಲಿಯನ್ನು ಒಂದು ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಬೆಳಿಗ್ಗೆ ಕೈ ಸುಡದಷ್ಟು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಮೆಲ್ಲಗೆ ತಿರುಗಿಸಿದಾಗ ಎಲ್ಲವೂ ಮತ್ತೆ ಕರಗಿ ತಿಳಿಯಾಯಿತು. ಹರಳುಗಟ್ಟಿದ ತೈಲ ಕೆಟ್ಟ ತೈಲವಲ್ಲ, ಉಷ್ಣತೆ ಮರಳಿದರೆ ಅದೂ ಮರಳುತ್ತದೆ. ಆದರೆ ಒಲೆಯ ಮೇಲಾಗಲಿ ಉರಿಯ ಹತ್ತಿರವಾಗಲಿ ಬಾಟಲಿಯನ್ನು ಎಂದೂ ಬಿಸಿ ಮಾಡಬಾರದು, ಒಳಗಿರುವುದು ಹೊತ್ತಿಕೊಳ್ಳುವ ಆಲ್ಕೋಹಾಲ್. ಹರಳು ಕೂತ ಬಾಟಲಿಯಿಂದ ಹಾಗೆಯೇ ಬಗ್ಗಿಸಿಕೊಂಡರೆ ತೈಲ ತಳದಲ್ಲಿಯೇ ಉಳಿದು, ಲೋಟದಲ್ಲಿ ಬಿಳುಪು ತೆಳ್ಳಗೆ ಬರುತ್ತದೆ.

ಬಾಟಲಿ ಬೆಚ್ಚಗಿದ್ದೂ ಬಿಳುಪು ಬಾರದಿದ್ದರೆ ನೀರು ತೀರಾ ಕಡಿಮೆ ಬಿದ್ದಿರಬಹುದು, ಇಲ್ಲವೇ ಆ ಮದ್ಯದಲ್ಲಿ ಅನೆಥೋಲ್ ಅಷ್ಟೊಂದು ಇಲ್ಲದಿರಬಹುದು. ಆಬ್ಸಿಂಥ್ ಎಂಬ ಹೆಸರಿನ ಕೆಲವು ಮದ್ಯಗಳಲ್ಲಿ ಆನೀಸ್ ತೀರಾ ಕಡಿಮೆಯಿರುತ್ತದೆ, ಅವು ಎಷ್ಟು ನೀರು ಹಾಕಿದರೂ ತಿಳಿಯಾಗಿಯೇ ಇರುತ್ತವೆ.

ಬೇರೆ ಊರುಗಳಲ್ಲಿ

ತುರ್ಕಿಯಲ್ಲಿ ರಾಕಿಯನ್ನು ನೀಳವಾದ ಸಣ್ಣ ಲೋಟದಲ್ಲಿ ಕೊಡುತ್ತಾರೆ, ಪಕ್ಕದಲ್ಲಿ ಬರೀ ನೀರಿನ ಇನ್ನೊಂದು ಲೋಟ ಇರುತ್ತದೆ. ಅಲ್ಲಿ ನೀರಿನ ಪ್ರಮಾಣ ಪಾಸ್ತಿಸ್‌ಗಿಂತ ಬಹಳ ಕಡಿಮೆ, ಸಾಮಾನ್ಯವಾಗಿ ಮದ್ಯದಷ್ಟೇ, ಹೆಚ್ಚೆಂದರೆ ಅದರ ಎರಡರಷ್ಟು. ರಾಕಿ, ನೀರು, ಆಮೇಲೆ ಐಸ್ ಎಂಬ ಕ್ರಮ ಅಲ್ಲಿಯೂ ಅದೇ. ಬಿಳಿಯ ಉಪ್ಪು ಚೀಸ್, ಕರಬೂಜ, ಮೀನು, ಬಗೆಬಗೆಯ ಸಣ್ಣ ತಿನಿಸುಗಳ ಜೊತೆಗೆ ಗಂಟೆಗಟ್ಟಲೆ ನಿಧಾನವಾಗಿ ಸಾಗುವ ಊಟದ ಭಾಗ ಅದು, ಊಟಕ್ಕೆ ಮುಂಚಿನ ಒಂದು ಲೋಟವಲ್ಲ. ಗ್ರೀಸಿನಲ್ಲಿ ಊಜೋ ಕೂಡ ಇಂಥ ತಿನಿಸುಗಳ ಜೊತೆಗೇ ಬರುತ್ತದೆ. ಅಲ್ಲಿ ಐಸ್ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಇಟಲಿಯ ಸಾಂಬೂಕಾ ಸಕ್ಕರೆ ತುಂಬಿದ ಮದ್ಯ, ಅದನ್ನು ಹೆಚ್ಚಾಗಿ ನೀರಿಲ್ಲದೆಯೇ ಮೂರು ಕಾಫಿಬೀಜ ಹಾಕಿ ಕೊಡುತ್ತಾರೆ.

ಲೆಬನಾನಿನ ಅರಕ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಆ ಹೆಸರು ಬೆವರು ಎಂಬ ಅರ್ಥದ ಅರಬ್ಬಿ ಪದದಿಂದ ಬಂದದ್ದು, ಬಟ್ಟಿ ಇಳಿಸುವಾಗ ಹನಿಹನಿಯಾಗಿ ಇಳಿಯುವುದನ್ನು ಅದು ಸೂಚಿಸುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ನಿಷೇಧವಾದ ಸಾರಾಯಿಗೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿದ್ದ ಅರ್ರ್ಯಾಕ್ ಎಂಬ ಹೆಸರೂ ಅದೇ ಪದದಿಂದ ಬಂದದ್ದೇ, ಆದರೆ ಪದಾರ್ಥ ಬೇರೆ: ಲೆಬನಾನಿನದು ದ್ರಾಕ್ಷಿಯಿಂದ ಬಟ್ಟಿ ಇಳಿಸಿ ಆನೀಸ್ ಬೆರೆಸಿದ, ಸಾಮಾನ್ಯವಾಗಿ ಶೇಕಡ 50ರಷ್ಟು ಆಲ್ಕೋಹಾಲ್ ಇರುವ ಮದ್ಯ. ಒಂದು ಪಾಲು ಅರಕ್‌ಗೆ ಎರಡು ಪಾಲು ನೀರನ್ನು ಹೂಜಿಯಲ್ಲಿಯೇ ಬೆರೆಸಿ, ಐಸ್ ಇಟ್ಟ ಸಣ್ಣ ಲೋಟಗಳಿಗೆ ಬಗ್ಗಿಸುತ್ತಾರೆ. ಪ್ರತಿ ಸುತ್ತಿಗೂ ಹೊಸ ಲೋಟ ತರುವುದು ಅಲ್ಲಿನ ಪದ್ಧತಿ. ಖಾಲಿಯಾದ ಲೋಟದ ಒಳಮೈಗೆ ತೈಲದ ತೆಳ್ಳನೆಯ ಪದರ ಅಂಟಿರುತ್ತದೆ, ಅದರ ಮೇಲೆಯೇ ಮತ್ತೆ ಐಸ್ ಹಾಕಿ ಬಗ್ಗಿಸಿದರೆ ಮೇಲ್ಮೈಯಲ್ಲಿ ಕೆನೆ ಕಟ್ಟುತ್ತದೆ. ಮಾರ್ಸೇಯವರು ಐಸನ್ನು ಕೊನೆಗೆ ಹಾಕಿ ತಪ್ಪಿಸುವ ತೊಂದರೆಯನ್ನು ಇವರು ಮೊದಲೇ ಬೆರೆಸಿ, ಲೋಟ ಬದಲಿಸಿ ತಪ್ಪಿಸುತ್ತಾರೆ.

ಬಿಳುಪು ಹೇಳದ ಸಂಗತಿ

ಬಿಳುಪು ಬಂತೆಂದರೆ ಮದ್ಯ ಅಸಲಿ ಎಂದು ನಂಬುವವರಿದ್ದಾರೆ. ಇದು ಅಪಾಯದ ನಂಬಿಕೆ. ಬಿಳುಪು ತೋರಿಸುವುದು ತೈಲ ಇದೆ ಎಂಬುದನ್ನು ಮಾತ್ರ. ಕಳ್ಳ ಮದ್ಯಕ್ಕೆ ಅನೆಥೋಲ್ ಬೆರೆಸಿದರೂ ನೀರು ಬಿದ್ದಾಗ ಅದು ಅಷ್ಟೇ ಬೆಳ್ಳಗಾಗುತ್ತದೆ, ಅದರಲ್ಲಿ ವಿಷಕಾರಿ ಮೆಥನಾಲ್ ಸೇರಿದ್ದರೆ ಬಣ್ಣದಿಂದಾಗಲಿ ವಾಸನೆಯಿಂದಾಗಲಿ ರುಚಿಯಿಂದಾಗಲಿ ಗುರುತಿಸುವುದು ಸಾಧ್ಯವಿಲ್ಲ. ತುರ್ಕಿಯಲ್ಲಿ 2005ರಲ್ಲಿಯೂ ಅದರ ನಂತರದ ವರ್ಷಗಳಲ್ಲಿಯೂ ನಕಲಿ ರಾಕಿ ಕುಡಿದು ಅನೇಕರು ಸತ್ತಿದ್ದಾರೆ. ಪ್ರವಾಸದಲ್ಲಿರುವವರು ಮುದ್ರೆ ಒಡೆಯದ ಬಾಟಲಿಯನ್ನು ಪರವಾನಗಿ ಇರುವ ಅಂಗಡಿಯಿಂದಲೇ ಕೊಳ್ಳಬೇಕು. ಕುಡಿದ ಮರುದಿನದೊಳಗೆ ದೃಷ್ಟಿ ಮಂಜಾಗುವುದು, ತೀವ್ರ ಹೊಟ್ಟೆನೋವು ಅಥವಾ ಉಸಿರಾಟದ ತೊಂದರೆ ಕಾಣಿಸಿದರೆ, ಹೆಚ್ಚು ಕುಡಿದದ್ದರಿಂದ ಹೀಗಾಯಿತೆಂದು ಮಲಗಿಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಿ, ಕುಡಿದದ್ದು ಏನೆಂಬುದನ್ನು ವೈದ್ಯರಿಗೆ ತಿಳಿಸಬೇಕು. ಸಾಧ್ಯವಿದ್ದರೆ ಉಳಿದ ಬಾಟಲಿಯನ್ನೂ ಜೊತೆಗೆ ಒಯ್ಯಬೇಕು.